ಸಾಲ ತೀರಿಸಲು ಸಾಧ್ಯವೇ ಇಲ್ಲ ಎಂದಾಗ: ಹಾಸನದಲ್ಲಿ ದಿವಾಳಿ ಅರ್ಜಿ ಹಾಕುವ ದಾರಿ, ಮುಂದೆ ಸಾಲ ಸಿಗುವ ಮಾತು

"ಪಾಪರ್ ಚೀಟಿ ಕೊಟ್ಟುಬಿಡ್ತೀನಿ, ಏನು ಮಾಡ್ಕೊಳ್ತಾರೋ ಮಾಡ್ಕೊಳ್ಳಲಿ" ಎಂದು ಸಿಟ್ಟಿನಲ್ಲಿ ಹೇಳುವವರನ್ನು ನಮ್ಮ ಕಡೆ ಎಲ್ಲರೂ ಕೇಳಿರುತ್ತೇವೆ. ಹಾಗೆ ಹೇಳಿದವರಲ್ಲಿ ನಿಜವಾಗಿ ಕೋರ್ಟಿಗೆ ಹೋದವರು ಬಹಳ ಕಡಿಮೆ. ಹೋದವರಲ್ಲೂ ಕೆಲವರು ಅರ್ಧ ದಾರಿಯಲ್ಲಿ ಕೈಬಿಡುತ್ತಾರೆ. ಆ ಅರ್ಧ ದಾರಿಯಲ್ಲಿ ನಿಂತರೆ ಅರ್ಜಿ ಹಾಕದೇ ಇದ್ದದ್ದಕ್ಕಿಂತ ಕೆಟ್ಟ ಸ್ಥಿತಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಇದು ಕಂಪನಿಗಳ ದಿವಾಳಿಯ ವಿಷಯವಲ್ಲ. ಒಬ್ಬ ಸಾಮಾನ್ಯ ವ್ಯಕ್ತಿ, ಸಣ್ಣ ವ್ಯಾಪಾರಿ ಅಥವಾ ಸಂಬಳದಾರ, ಕಂತು ಕಟ್ಟಲು ಪೂರ್ತಿ ಕೈಲಾಗದೆ ಕೂತಾಗ ಏನು ಮಾಡಬಹುದು ಎಂಬುದಷ್ಟೇ.

ಮೊದಲು, ಯಾವ ಕಾನೂನು ನಿಮಗೆ ಅನ್ವಯಿಸುತ್ತೆ

ಯೂಟ್ಯೂಬಿನಲ್ಲಿ "2016ರ ಹೊಸ ದಿವಾಳಿ ಕಾನೂನಿನಲ್ಲಿ ಬಡವರ ಸಾಲ ಮನ್ನಾ" ಎನ್ನುವ ವಿಡಿಯೋಗಳು ಓಡಾಡುತ್ತಿರುತ್ತವೆ. ಅದರಲ್ಲಿ ಅರ್ಧ ನಿಜ ಇದೆ. 2016ರ ಸಂಹಿತೆಯಲ್ಲಿ 'ಫ್ರೆಶ್ ಸ್ಟಾರ್ಟ್' ಎಂಬ ಅಧ್ಯಾಯ ಇದೆ. ವರ್ಷದ ಆದಾಯ 60,000 ರೂಪಾಯಿ ಮೀರದ, ಆಸ್ತಿ 20,000 ಮೀರದ, ಸಾಲ 35,000 ಮೀರದ, ಸ್ವಂತ ಮನೆ ಇಲ್ಲದ ವ್ಯಕ್ತಿಗೆ ಸಾಲದಿಂದ ಬಿಡುಗಡೆ ಕೊಡುವ ಯೋಜನೆ ಅದು. ಪುಸ್ತಕದಲ್ಲಿ ಇದೆ, ಜಾರಿಗೆ ಬಂದಿಲ್ಲ. ವ್ಯಕ್ತಿಗಳ ಭಾಗದಲ್ಲಿ ಜಾರಿಯಾಗಿರುವುದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದವರಿಗೆ ಮಾತ್ರ, ಅದೂ 2019ರ ಡಿಸೆಂಬರ್ 1ರಿಂದ. ನಿಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಯ ಸಾಲಕ್ಕೆ ನೀವು ಸಹಿ ಹಾಕಿದ್ದರೆ ನಿಮ್ಮ ದಾರಿ ಬೇರೆ. ಅದು ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತೆ, ಇಲ್ಲಿಗೆ ಬಿಡೋಣ.

ಉಳಿದವರಿಗೆಲ್ಲ ಇಂದಿಗೂ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ನೂರು ವರ್ಷ ದಾಟಿದ ಕಾನೂನು. ಅದರಲ್ಲಿರುವ ಮೊತ್ತಗಳು ಓದಿದರೆ ನಗು ಬರುತ್ತೆ. ಆದರೆ ಹಾಸನ, ಚಿಕ್ಕಮಗಳೂರು ಎರಡೂ ಕಡೆ ದಾರಿ ಅದೇ.

ಅರ್ಜಿಗೆ ಮುಂಚೆ ಒಂದು ತೀರ್ಮಾನ

ದಿವಾಳಿ ಅರ್ಜಿ ಎಲ್ಲರಿಗೂ ಔಷಧಿಯಲ್ಲ. ನಿಮ್ಮ ಸಾಲ ಬರೀ ಬ್ಯಾಂಕಿನದು, ಒಂದೋ ಎರಡೋ ಖಾತೆ, ಮನೆಯವರು ಸೇರಿ ಬಾಕಿಯ ಮೂರನೇ ಒಂದು ಭಾಗ ಒಟ್ಟು ಮಾಡಬಲ್ಲರು ಎಂದಾದರೆ ಒಂದೇ ಬಾರಿಯ ಇತ್ಯರ್ಥವೇ ವಾಸಿ. ಅಂದರೆ ಒಟಿಎಸ್. ಲೋಕ ಅದಾಲತ್ತಿನಲ್ಲಿ ಅದನ್ನು ಮಾಡಿಕೊಂಡರೆ ಅದಕ್ಕೆ ಕೋರ್ಟ್ ಡಿಕ್ರಿಯ ಬಲವೂ ಬರುತ್ತೆ. ಅದಕ್ಕೆ ಮೊದಲು ಬಾಯಿಮಾತಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮೊತ್ತ, ಕೊನೆಯ ದಿನಾಂಕ, 'ಇದಾದ ಮೇಲೆ ಬಾಕಿ ಇಲ್ಲ' ಎಂಬ ಸಾಲು, ಇಷ್ಟು ಇರುವ ಪತ್ರ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಬರಲಿ.

ಸಾಲ ಅಡಮಾನದ ಮೇಲೆ ಇದ್ದರೆ ದಿವಾಳಿ ಅರ್ಜಿ ಆ ಆಸ್ತಿಯನ್ನು ಕಾಪಾಡುವುದಿಲ್ಲ. ಮನೆ ಸಾಲ, ವಾಹನ ಸಾಲ, ಚಿನ್ನದ ಸಾಲ ಕೊಟ್ಟವರು ತಮ್ಮ ಅಡಮಾನವನ್ನು ಮಾರಿಕೊಳ್ಳುವ ಹಕ್ಕು ಹಾಗೇ ಉಳಿಯುತ್ತೆ. ಕಾಫಿ ತೋಟದವರಿಗೆ ಇನ್ನೊಂದು ಮಾತು: ಕೋರ್ಟಿಗೆ ಹೋಗದೆಯೇ ಬ್ಯಾಂಕು ಅಡಮಾನವನ್ನು ವಶಕ್ಕೆ ತೆಗೆದು ಮಾರಲು ಬಿಡುವ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಭೂಮಿಗೆ ವಿನಾಯ್ತಿ ಇದೆ ಎಂದು ನೆಚ್ಚಿಕೊಂಡು 60 ದಿನದ ನೋಟಿಸನ್ನು ಟ್ರಂಕಿನಲ್ಲಿ ಇಡಬೇಡಿ. ತೋಟಗಳನ್ನು ಬ್ಯಾಂಕುಗಳು ಇದೇ ಕಾಯ್ದೆಯಲ್ಲಿ ಹರಾಜಿಗೆ ತಂದದ್ದಿದೆ. ನೋಟಿಸ್ ಬಂದ ವಾರದಲ್ಲೇ ವಕೀಲರ ಹತ್ತಿರ ಹೋಗಿ.

ಹಾಗಾದರೆ ದಿವಾಳಿ ಅರ್ಜಿ ಯಾರಿಗೆ? ಕೈಸಾಲ, ಪ್ರೋನೋಟು, ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್ ಹೀಗೆ ಅಡಮಾನವಿಲ್ಲದ ಸಾಲ ನಾಲ್ಕಾರು ಕಡೆ ಇದ್ದು, ಒಬ್ಬರು ಡಿಕ್ರಿ ತಂದು ಜಪ್ತಿಗೆ ಬಂದಿದ್ದು, ಯಾರಿಗೂ ಕೊಡಲು ಏನೂ ಉಳಿಯದ ಸ್ಥಿತಿಯವರಿಗೆ. ಅಂಥ ಕಡೆ ಇದು ನಿಜವಾಗಿ ಕೆಲಸ ಮಾಡುತ್ತೆ. ಮೊದಲು ಓಡಿ ಬಂದವನು ಎಲ್ಲಾ ಬಾಚಿಕೊಂಡು ಹೋಗುವುದು ನಿಲ್ಲುತ್ತೆ. ಇರುವುದು ಎಲ್ಲರಿಗೂ ಅವರವರ ಪಾಲಿಗೆ ತಕ್ಕಂತೆ ಹಂಚಿಕೆಯಾಗುತ್ತೆ.

ಒಂದು ಲೆಕ್ಕ ಹಿಡಿದು ನೋಡೋಣ

ಹಾಸನದ ಒಬ್ಬ ಆಲೂಗಡ್ಡೆ ಬಿತ್ತನೆ ವ್ಯಾಪಾರಿ ಎಂದುಕೊಳ್ಳಿ. ಇದು ಲೆಕ್ಕಕ್ಕೆ ಕಟ್ಟಿದ ಉದಾಹರಣೆ. ಬಿತ್ತನೆ ಗೆಡ್ಡೆಯನ್ನು ರೈತರಿಗೆ ಸಾಲದ ಮೇಲೆ ಕೊಟ್ಟರು. ಅಂಗಮಾರಿ ಬಂದು ಬೆಳೆ ಹೋಯಿತು. ರೈತರಿಂದ ದುಡ್ಡು ಬರಲಿಲ್ಲ.

ಅವರ ಸಾಲ ಹೀಗಿದೆ. ಬ್ಯಾಂಕಿನ ಪರ್ಸನಲ್ ಲೋನ್ 6,00,000. ಕ್ರೆಡಿಟ್ ಕಾರ್ಡ್ 1,50,000. ಮೂವರ ಹತ್ತಿರ ಕೈಸಾಲ ಒಟ್ಟು 7,50,000, ಅದರಲ್ಲಿ ಒಬ್ಬರು ಡಿಕ್ರಿ ಪಡೆದಿದ್ದಾರೆ. ಗೂಡ್ಸ್ ಗಾಡಿಯ ಸಾಲ 2,60,000, ಗಾಡಿ ಈಗ ಮಾರಿದರೆ 2,00,000. ಸರ್ಕಾರಕ್ಕೆ ಜಿಎಸ್‌ಟಿ ಬಾಕಿ 80,000.

ಕೈಯಲ್ಲಿರುವುದು ಬಾಡಿಗೆ ಅಂಗಡಿಯ 40,000ದ ಸರಕು. ರೈತರಿಂದ ಬರಬೇಕಾದ ಬಾಕಿ ಕಾಗದದ ಮೇಲೆ 3,00,000, ನಿಜಕ್ಕೆ ವಸೂಲಾಗುವುದು 60,000 ಇರಬಹುದು. ಇನ್ನೊಂದಿದೆ. 14 ತಿಂಗಳ ಹಿಂದೆ, ಸಾಲ ಬಿಗಿಯಾಗುತ್ತಿದ್ದಾಗ, ತಮ್ಮನ ಹೆಸರಿಗೆ 5,00,000 ಬೆಲೆಯ ಸೈಟೊಂದನ್ನು ದಾನಪತ್ರ ಮಾಡಿಕೊಟ್ಟಿದ್ದಾರೆ.

ಈ ಸೈಟಿನ ಮೇಲೆಯೇ ಇಡೀ ಪ್ರಕರಣ ನಿಂತಿದೆ, ಅದನ್ನು ಹಂತ 4ರಲ್ಲಿ ನೋಡೋಣ.

ಹಂತ 1: ಕಾಗದ ಒಟ್ಟು ಮಾಡುವುದು

ಅರ್ಜಿಯಲ್ಲಿ ಏನಿರಬೇಕು ಎಂದು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತೆ. ನನಗೆ ಸಾಲ ತೀರಿಸಲು ಆಗುತ್ತಿಲ್ಲ ಎಂಬ ಮಾತು, ವಾಸದ ಸ್ಥಳ, ಪ್ರತಿಯೊಬ್ಬ ಸಾಲ ಕೊಟ್ಟವರ ಹೆಸರು, ವಿಳಾಸ, ಮೊತ್ತ, ಮತ್ತು ಪ್ರತಿಯೊಂದು ಆಸ್ತಿ, ಅದರ ಬೆಲೆ, ಎಲ್ಲಿದೆ ಎಂಬುದು. ವಿನಾಯ್ತಿ ಇರುವುದನ್ನು ಬಿಟ್ಟು ಉಳಿದ ಎಲ್ಲಾ ಆಸ್ತಿಯನ್ನು ಕೋರ್ಟಿನ ವಶಕ್ಕೆ ಕೊಡಲು ಒಪ್ಪಿದ್ದೇನೆ ಎಂಬ ಹೇಳಿಕೆಯೂ ಬೇಕು. ಹಿಂದೆ ಯಾವಾಗಲಾದರೂ ಇಂಥ ಅರ್ಜಿ ಹಾಕಿದ್ದರೆ ಅದನ್ನೂ ಬರೆಯಬೇಕು.

ಆಮೇಲೆ ನೆನಪಾಗುವ ಸಾಲ ಕೊಟ್ಟವರು ಅನೇಕರಿಗೆ ತಲೆನೋವು. ಚೀಟಿ ಹಾಕಿದವರು, ಸಹಕಾರ ಸಂಘ, ಭಾವಮೈದುನನ 20,000, ಎಲ್ಲಾ ಸೇರಲಿ. ನೆಂಟರೆಂದು ಬಿಡಬೇಡಿ. ಬಿಟ್ಟ ಹೆಸರು ಮುಂದೆ 'ಮುಚ್ಚಿಟ್ಟಿದ್ದಾರೆ' ಎಂಬ ಆಪಾದನೆಗೆ ದಾರಿ ಮಾಡಿಕೊಡುತ್ತೆ. ಬ್ಯಾಂಕ್ ಸಾಲಗಳ ಪಟ್ಟಿ ತಪ್ಪಬಾರದು ಎಂದರೆ ಕ್ರೆಡಿಟ್ ರಿಪೋರ್ಟ್ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ಕ್ರೆಡಿಟ್ ಬ್ಯೂರೋಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

ವಿನಾಯ್ತಿ ಎಂದೆನಲ್ಲ, ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್. ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ದನ, ಬಿತ್ತನೆ ಬೀಜ, ರೈತ ತಾನು ವಾಸಿಸುವ ಮನೆ, ಭವಿಷ್ಯ ನಿಧಿ, ಇವನ್ನು ಮುಟ್ಟುವಂತಿಲ್ಲ. ಸಂಬಳದಲ್ಲಿ ಮೊದಲ 1,000 ಮತ್ತು ಉಳಿದದ್ದರ ಮೂರನೇ ಎರಡು ಭಾಗ ಜಪ್ತಿಗೆ ಸಿಗದು. ನಮ್ಮ ವ್ಯಾಪಾರಿಗೆ ಈಗ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ 22,000 ಸಂಬಳದ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ 15,000 ಸುರಕ್ಷಿತ. ಗಮನಿಸಿ, ರೈತನ ಮನೆಗೆ ವಿನಾಯ್ತಿ ಇದೆಯೇ ಹೊರತು ಜಮೀನಿಗೆ ಇಲ್ಲ. ಹೆಂಡತಿಯ ಒಡವೆ ಅವರದು, ನಿಮ್ಮ ಆಸ್ತಿ ಪಟ್ಟಿಗೆ ಸೇರದು.

ಹಂತ 2: ಅರ್ಜಿ ಹಾಕುವುದು

ನೀವು ಸಾಮಾನ್ಯವಾಗಿ ವಾಸಿಸುವ ಅಥವಾ ವ್ಯಾಪಾರ ಮಾಡುವ ಜಿಲ್ಲೆಯ ಜಿಲ್ಲಾ ನ್ಯಾಯಾಲಯ, ಅಥವಾ ಸರ್ಕಾರ ಈ ಅಧಿಕಾರ ಕೊಟ್ಟಿರುವ ಕೆಳಗಿನ ಸಿವಿಲ್ ನ್ಯಾಯಾಲಯ ಇದಕ್ಕೆ ಸ್ಥಳ. ಹಾಸನದವರು ಬೆಂಗಳೂರಿಗೆ ಓಡಬೇಕಿಲ್ಲ. ಅರ್ಹತೆ ಸುಲಭ. ಸಾಲ ತೀರಿಸಲು ಆಗದಿರಬೇಕು, ಜೊತೆಗೆ ಸಾಲ 500 ರೂಪಾಯಿ ಮುಟ್ಟಿರಬೇಕು. ಅಥವಾ ಹಣದ ಡಿಕ್ರಿಯ ಮೇಲೆ ಬಂಧನ ಇಲ್ಲವೇ ಆಸ್ತಿ ಜಪ್ತಿ ಆಗಿರಬೇಕು. ಸಾಲಗಾರನೇ ಅರ್ಜಿ ಹಾಕಿದಾಗ 'ಆಗುತ್ತಿಲ್ಲ' ಎಂಬುದನ್ನು ಮೇಲ್ನೋಟಕ್ಕೆ ತೋರಿಸಿದರೆ ಸಾಕು.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತೆ.

ಒಮ್ಮೆ ಹಾಕಿದ ಅರ್ಜಿಯನ್ನು ಕೋರ್ಟಿನ ಅನುಮತಿ ಇಲ್ಲದೆ ವಾಪಸ್ ತೆಗೆಯುವಂತಿಲ್ಲ. ಸುಮ್ನೆ ಸಾಲ ಕೊಟ್ಟವರನ್ನು ಹೆದರಿಸಲು ಹಾಕುವ ಅರ್ಜಿ ಇದಲ್ಲ.

ಅರ್ಜಿ ದಾಖಲಾದ ಕ್ಷಣಕ್ಕೆ ಎಲ್ಲಾ ನಿಲ್ಲುತ್ತೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ವಿಚಾರಣೆ ನಡೆಯುವಾಗ ಮಧ್ಯಂತರ ರಕ್ಷಣೆ ಬೇಕಾದರೆ ಬೇರೆ ಕೇಳಿಕೊಳ್ಳಬೇಕು. ಪೂರ್ತಿ ತಡೆ ಬರುವುದು ಮುಂದಿನ ಹಂತದಲ್ಲಿ.

ಹಂತ 3: ದಿವಾಳಿ ಎಂಬ ಆದೇಶ

ಕೋರ್ಟು ಸಾಲ ಕೊಟ್ಟವರಿಗೆ ನೋಟಿಸ್ ಕೊಡುತ್ತೆ, ಗೆಜೆಟ್ಟಿನಲ್ಲಿ ಪ್ರಕಟಿಸುತ್ತೆ. ಊರಿಗೆಲ್ಲ ಗೊತ್ತಾಗುತ್ತೆ ಎಂಬ ಮುಜುಗರವನ್ನು ಮೊದಲೇ ನುಂಗಿಕೊಂಡೇ ಬರಬೇಕು. ವಿಚಾರಣೆ ಮುಗಿದು ದಿವಾಳಿ ಎಂದು ಆದೇಶವಾದರೆ 28ನೇ ಸೆಕ್ಷನ್ ಕೆಲಸ ಶುರು ಮಾಡುತ್ತೆ. ನಿಮ್ಮ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತೆ. ಅಡಮಾನವಿಲ್ಲದ ಸಾಲ ಕೊಟ್ಟ ಯಾರೂ ಕೋರ್ಟಿನ ಅನುಮತಿ ಇಲ್ಲದೆ ನಿಮ್ಮ ಮೇಲೆ ದಾವೆ ಹಾಕುವಂತಿಲ್ಲ, ಜಪ್ತಿ ಮಾಡುವಂತಿಲ್ಲ. ಡಿಕ್ರಿ ಹಿಡಿದು ಬಂಧನದ ಬೆದರಿಕೆ ಹಾಕುತ್ತಿದ್ದರೆ 31ನೇ ಸೆಕ್ಷನ್ನಿನಲ್ಲಿ ರಕ್ಷಣೆಯ ಆದೇಶ ಕೇಳಿ. (ಪ್ರಾಮಾಣಿಕವಾಗಿ ಕೈಲಾಗದವನನ್ನು ಬರೀ ಸಾಲಕ್ಕಾಗಿ ಸಿವಿಲ್ ಜೈಲಿಗೆ ಕಳಿಸಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಮಹಿಳೆಯರನ್ನಂತೂ ಹಣದ ಡಿಕ್ರಿಗೆ ಬಂಧಿಸುವಂತೆಯೇ ಇಲ್ಲ.)

ಚೆಕ್ ಬೌನ್ಸ್ ಪ್ರಕರಣ ಇದ್ದರೆ ಅದು ಕ್ರಿಮಿನಲ್. ದಿವಾಳಿ ಆದೇಶ ಅದನ್ನು ನಿಲ್ಲಿಸದು. ಕೈಸಾಲಕ್ಕೆ ಖಾಲಿ ಚೆಕ್ ಕೊಟ್ಟವರು ಇದನ್ನು ವಕೀಲರಿಗೆ ಮೊದಲೇ ಹೇಳಬೇಕು.

ಆದೇಶದ ನಂತರ ನಿಮಗೆ ಬರುವ ಆಸ್ತಿಯೂ ಡಿಸ್ಚಾರ್ಜ್, ಅಂದರೆ ಸಾಲದಿಂದ ಬಿಡುಗಡೆಯ ಆದೇಶ, ಆಗುವವರೆಗೆ ರಿಸೀವರಿಗೆ ಸೇರುತ್ತೆ. ಮೂಡಿಗೆರೆ ಕಡೆಯ ಒಬ್ಬರು ದಿವಾಳಿಯಾಗಿ ವರ್ಷದೊಳಗೆ ತಂದೆ ತೀರಿಕೊಂಡು ಎರಡು ಎಕರೆ ತೋಟ ಪಾಲಿಗೆ ಬಂದರೆ ಅದು ಸಾಲ ಕೊಟ್ಟವರ ಹಂಚಿಕೆಗೆ ಹೋಗುತ್ತೆ. ಡಿಸ್ಚಾರ್ಜಿಗೆ ತಡ ಮಾಡಿದಷ್ಟೂ ಈ ಬಾಗಿಲು ತೆರೆದೇ ಇರುತ್ತೆ.

ಹಂತ 4: ಹಳೆಯ ವರ್ಗಾವಣೆಗಳ ತಪಾಸಣೆ

ಈಗ ತಮ್ಮನ ಸೈಟಿಗೆ ಬರೋಣ. ಬೆಲೆ ಪಡೆಯದೆ ಆಸ್ತಿ ಕೊಟ್ಟ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದರೆ ರಿಸೀವರ್ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. 53ನೇ ಸೆಕ್ಷನ್. ದಾನಪತ್ರ ರಿಜಿಸ್ಟರ್ ಆಗಿದ್ದರೂ, ಖಾತೆ ಬದಲಾಗಿದ್ದರೂ ಅದು ರಕ್ಷಣೆಯಲ್ಲ. ಋಣಭಾರ ಪತ್ರ ತೆಗೆಸಿದರೆ ಸಾಲ ಕೊಟ್ಟವರಿಗೆ ಒಂದೇ ದಿನದಲ್ಲಿ ಸಿಗುವ ವಿಷಯ ಇದು. ನಿಜವಾದ ಬೆಲೆ ಕೊಟ್ಟು ಒಳ್ಳೆ ನಂಬಿಕೆಯಿಂದ ಕೊಂಡವರಿಗೆ ಮಾತ್ರ ತೊಂದರೆ ಇಲ್ಲ.

ಇನ್ನೊಂದು, ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಒಬ್ಬರನ್ನು ಮುಂದೆ ಮಾಡುವ ಉದ್ದೇಶದಿಂದ ಕಟ್ಟಿದ ಸಾಲ. "ಮಾವನ ಲಕ್ಷ ಕೊಟ್ಟುಬಿಡೋಣ, ಆಮೇಲೆ ಅರ್ಜಿ" ಎನ್ನುವುದು ಇದರಲ್ಲಿ ಸಿಕ್ಕಿಬೀಳುತ್ತೆ. ಮಾವ ಆ ದುಡ್ಡನ್ನು ರಿಸೀವರಿಗೆ ವಾಪಸ್ ಕೊಡಬೇಕಾಗಬಹುದು. ಮುಚ್ಚಿಟ್ಟರೆ, ಲೆಕ್ಕದ ಪುಸ್ತಕ ಸುಟ್ಟರೆ ಒಂದು ವರ್ಷದವರೆಗೆ ಜೈಲು.

ನನ್ನ ಸಲಹೆ ಇಷ್ಟು: ಸೈಟನ್ನು ಅರ್ಜಿಯಲ್ಲಿ ನೀವೇ ಹೇಳಿ. ನಮ್ಮ ವ್ಯಾಪಾರಿ ಹೇಳಿದರು ಎನ್ನೋಣ. ರಿಸೀವರ್ ದಾನಪತ್ರ ರದ್ದು ಮಾಡಿಸಿ ಸೈಟು ಮಾರುತ್ತಾರೆ. 5,00,000 ಜೊತೆಗೆ ಸರಕಿನ 40,000, ರೈತರ 60,000, ಒಟ್ಟು 6,00,000. ಖರ್ಚು 40,000 ಎಂದು ಹಿಡಿದರೆ ಉಳಿದದ್ದು 5,60,000. ಅದರಲ್ಲಿ ಸರ್ಕಾರದ ಬಾಕಿಗೆ ಮೊದಲ ಸ್ಥಾನ, 80,000 ಹೋಯಿತು. ಇನ್ನು 4,80,000.

ಇದು ಯಾರಿಗೆಲ್ಲ? ಪರ್ಸನಲ್ ಲೋನ್, ಕಾರ್ಡ್, ಕೈಸಾಲ ಸೇರಿ 15,00,000. ಗಾಡಿ ಮಾರಿದ ಮೇಲೂ ಉಳಿದ 60,000 ಸೇರಿಸಿ 15,60,000. ರೂಪಾಯಿಗೆ ಸುಮಾರು 31 ಪೈಸೆ. 6 ಲಕ್ಷದ ಬ್ಯಾಂಕಿಗೆ ಸುಮಾರು 1,84,600 ಬರುತ್ತೆ. ಡಿಕ್ರಿ ತಂದಿದ್ದ ಕೈಸಾಲದವರಿಗೂ ಅದೇ 31 ಪೈಸೆಯ ದರ.

ಹಂತ 5: ಡಿಸ್ಚಾರ್ಜ್, ಎಲ್ಲರೂ ಎಡವುವ ಜಾಗ

ದಿವಾಳಿ ಎಂದು ಆದೇಶ ಆದರೆ ಸಾಲ ಹೋಯಿತು ಎಂದಲ್ಲ. ಸಾಲ ಹೋಗುವುದು ಡಿಸ್ಚಾರ್ಜ್ ಆದೇಶದಿಂದ. ದಿವಾಳಿ ಆದೇಶದಲ್ಲೇ ಇಷ್ಟು ಸಮಯದೊಳಗೆ ಡಿಸ್ಚಾರ್ಜಿಗೆ ಅರ್ಜಿ ಹಾಕಬೇಕು ಎಂದು ಬರೆದಿರುತ್ತೆ. ಜನ ಆ ಸಾಲನ್ನು ಓದುವುದಿಲ್ಲ. ಗಲಾಟೆ ತಣ್ಣಗಾಯಿತು ಎಂದು ಮನೆಗೆ ಹೋಗುತ್ತಾರೆ. ಸಮಯ ಮೀರಿದರೆ ಕೋರ್ಟು ದಿವಾಳಿ ಆದೇಶವನ್ನೇ ರದ್ದು ಮಾಡಬಹುದು. ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರುತ್ತಾರೆ, ಹಾಗೆ ರದ್ದಾದವರು ಅನುಮತಿ ಇಲ್ಲದೆ ಎರಡನೇ ಅರ್ಜಿ ಹಾಕುವಂತಿಲ್ಲ. ಮೊದಲು ಹೇಳಿದ ಅರ್ಧ ದಾರಿ ಇದೇ.

ಡಿಸ್ಚಾರ್ಜ್ ಮೂರು ಬಗೆ: ಪೂರ್ತಿಯಾಗಿ, ಕೆಲವು ಕಾಲ ತಡೆದು, ಅಥವಾ ಮುಂದಿನ ಸಂಪಾದನೆಯಲ್ಲಿ ಇಷ್ಟು ಕೊಡಬೇಕೆಂಬ ಷರತ್ತಿನ ಮೇಲೆ. ಆಸ್ತಿ ಸಾಲದ ಅರ್ಧಕ್ಕೆ, ಅಂದರೆ ರೂಪಾಯಿಗೆ 50 ಪೈಸೆಗೆ ಸಾಲದಿದ್ದರೆ ಪೂರ್ತಿ ಡಿಸ್ಚಾರ್ಜ್ ಕೊಡುವಂತಿಲ್ಲ. ಆದರೆ ತನ್ನ ಕೈಮೀರಿದ ಕಾರಣದಿಂದ ಹೀಗಾಯಿತು ಎಂದು ತೋರಿಸಿದರೆ ಈ ಅಡ್ಡಿ ಹೋಗುತ್ತೆ. ನಮ್ಮ ವ್ಯಾಪಾರಿಯದು 31 ಪೈಸೆ. ಅವರಿಗೆ ಅಂಗಮಾರಿ ರೋಗವೇ ಸಾಕ್ಷಿ ಆಗಬೇಕು. ತೋಟಗಾರಿಕೆ ಇಲಾಖೆಯ ಬೆಳೆ ನಷ್ಟದ ಕಾಗದ, ರೈತರಿಗೆ ಕೊಟ್ಟ ಗೆಡ್ಡೆಯ ಬಿಲ್ಲುಗಳು, ವ್ಯಾಪಾರದ ಲೆಕ್ಕ ಪುಸ್ತಕ ಇದ್ದರೆ ಮಾತಿಗೆ ಬಲ. ಪುಸ್ತಕವೇ ಇಲ್ಲದಿದ್ದರೆ, ಜೂಜು ಅಥವಾ ದುಂದುವೆಚ್ಚ ಕಂಡರೆ, ತೀರಿಸುವ ದಾರಿ ಇಲ್ಲವೆಂದು ಗೊತ್ತಿದ್ದೂ ಹೊಸ ಸಾಲ ಎತ್ತಿದ್ದರೆ ಪೂರ್ತಿ ಡಿಸ್ಚಾರ್ಜ್ ಸಿಗದು.

ಡಿಸ್ಚಾರ್ಜ್ ಆದರೂ ಉಳಿಯುವ ಸಾಲಗಳಿವೆ: ಸರ್ಕಾರಕ್ಕೆ ಕೊಡಬೇಕಾದದ್ದು, ಮೋಸದಿಂದ ಮಾಡಿದ್ದು, ಹೆಂಡತಿ ಮಕ್ಕಳ ಜೀವನಾಂಶ. ಜಾಮೀನು ಹಾಕಿದವರೂ ಬಿಡುಗಡೆಯಾಗುವುದಿಲ್ಲ. ಊರಿನಲ್ಲಿ ಮುಖ ತೋರಿಸಲು ಕಷ್ಟವಾಗುವುದು ಕೋರ್ಟಿನಿಂದಲ್ಲ, ಇಲ್ಲಿಂದ. ನೀವು ಬಿಡುಗಡೆಯಾಗಿ, ಜಾಮೀನು ನಿಂತ ಭಾವನ ಮೇಲೆ ಬ್ಯಾಂಕು ಬೀಳುತ್ತೆ, ಅವರ ಸಿಬಿಲ್ ಕೂಡ ಕೆಡುತ್ತೆ. ಅರ್ಜಿಗೆ ಮುಂಚೆ ಅವರನ್ನು ಕೂರಿಸಿಕೊಂಡು ಮಾತಾಡಿ.

ಮುಂದೆ ಸಾಲ ಸಿಗುತ್ತದಾ?

ಇದನ್ನು ಎರಡು ಕಾಲವಾಗಿ ನೋಡಬೇಕು. ಡಿಸ್ಚಾರ್ಜಿಗೆ ಮುಂಚೆ, ಆಮೇಲೆ.

ಮುಂಚಿನ ಕಾಲದಲ್ಲಿ 72ನೇ ಸೆಕ್ಷನ್ ಇದೆ. ಡಿಸ್ಚಾರ್ಜ್ ಆಗದ ದಿವಾಳಿ ವ್ಯಕ್ತಿ ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. 1920ರ 50 ರೂಪಾಯಿ ಇವತ್ತು ಕಿರಾಣಿ ಅಂಗಡಿಯ ಒಂದು ಪ್ಯಾಕೆಟ್ ಎಣ್ಣೆಗೂ ಸಾಲದು, ಆದರೆ ಮೊತ್ತ ಹಾಗೇ ಇದೆ. ಮೊಬೈಲ್ ಆಪ್‌ನಲ್ಲಿ ಸಣ್ಣ ಸಾಲ ತೆಗೆಯುವುದೂ ಇದರಲ್ಲಿ ಸೇರುತ್ತೆ. ಈ ಕಾಲದಲ್ಲಿ ಕಂಪನಿ ನಿರ್ದೇಶಕರಾಗುವಂತಿಲ್ಲ, ಶಾಸಕರಾಗುವಂತಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಕೊನೆಯದು ನಷ್ಟವೇನಲ್ಲ ಬಿಡಿ.

ಡಿಸ್ಚಾರ್ಜ್ ನಂತರ ಕಾನೂನು ನಿಮ್ಮನ್ನು ತಡೆಯುವುದಿಲ್ಲ. ಆದರೆ ನಿಮಗೆ ಸಾಲ ಕೊಡಲೇಬೇಕೆಂಬ ಕಾನೂನೂ ಇಲ್ಲ. ಕ್ರೆಡಿಟ್ ಬ್ಯೂರೋಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ. ಅಷ್ಟು ಕಾಲ 'ರಿಟನ್ ಆಫ್' ಎಂಬ ಗುರುತು ಕಾಣುತ್ತೆ. ರಿಟನ್ ಆಫ್ ಎಂದರೆ ಬ್ಯಾಂಕು ತನ್ನ ಲೆಕ್ಕದಲ್ಲಿ ನಷ್ಟ ಬರೆದುಕೊಂಡಿದೆ ಎಂದಷ್ಟೇ, ಮನ್ನಾ ಅಲ್ಲ. ಒಟಿಎಸ್ ಮಾಡಿಕೊಂಡವರಿಗೆ 'ಸೆಟಲ್ಡ್' ಎಂದು ಬರುತ್ತೆ. ಅದೂ ಕಪ್ಪು ಗುರುತೇ, ಸ್ವಲ್ಪ ಹಗುರ. ಆರ್‌ಬಿಐ 2023ರ ನಿಯಮದಂತೆ, ಕೃಷಿ ಸಾಲ ಬಿಟ್ಟು ಉಳಿದವುಗಳಲ್ಲಿ ಇತ್ಯರ್ಥ ಮಾಡಿಕೊಂಡವರಿಗೆ ಆ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ಬೇಕಾದರೆ ಇನ್ನೂ ಉದ್ದ ಇಟ್ಟುಕೊಳ್ಳಬಹುದು.

ಡಿಸ್ಚಾರ್ಜ್ ಆದೇಶದ ದೃಢೀಕೃತ ಪ್ರತಿ ಸಿಕ್ಕಿದ ಕೂಡಲೇ ಹಲವು ಪ್ರತಿ ತೆಗೆಸಿ. ಸಾಲ ಕೊಟ್ಟ ಪ್ರತಿ ಬ್ಯಾಂಕಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಬಾಕಿಯನ್ನು ಸೊನ್ನೆ ಎಂದು ಬ್ಯೂರೋಗಳಿಗೆ ತಿಳಿಸಿ ಎಂದು ಬರೆಯಿರಿ. ಬ್ಯೂರೋಗಳಲ್ಲೂ ದೂರು ಹಾಕಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ಇಲ್ಲಿ ಕೇಳಬೇಕಾದದ್ದು ಹಳೆಯ ಚರಿತ್ರೆ ಅಳಿಸಿ ಎಂದಲ್ಲ. ಅದು ಆಗದ ಮಾತು. ಈಗ ಬಾಕಿ ಸೊನ್ನೆ ಎಂದು ತೋರಿಸಿ ಎಂದಷ್ಟೇ. ಬಾಕಿ ಹಾಗೇ ಕಾಣುತ್ತಿದ್ದರೆ ಹೊಸ ಬ್ಯಾಂಕಿನವರು ನಿಮ್ಮ ಡಿಸ್ಚಾರ್ಜ್ ಕಾಗದ ಓದುವ ಮೊದಲೇ ಅರ್ಜಿ ಪಕ್ಕಕ್ಕಿಡುತ್ತಾರೆ.

ಯಾವ ಸಾಲ ಮೊದಲು ಸಿಗುತ್ತೆ ಎಂದರೆ ಚಿನ್ನದ ಸಾಲ, ಠೇವಣಿ ಮೇಲಿನ ಸಾಲ. ಅಲ್ಲಿ ಕೊಡುವವನ ಕೈಯಲ್ಲಿ ವಸ್ತು ಇರುತ್ತೆ, ಸ್ಕೋರಿನ ಚಿಂತೆ ಕಡಿಮೆ. ಸಣ್ಣ ಠೇವಣಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತೆಗೆದು ಪ್ರತಿ ತಿಂಗಳು ಪೂರ್ತಿ ಕಟ್ಟುತ್ತಾ ಹೋದರೆ ಹೊಸ ಸಾಲುಗಳು ವರದಿಯಲ್ಲಿ ಬೆಳೆಯುತ್ತವೆ. ಸಹಕಾರ ಸಂಘದ ಬೆಳೆ ಸಾಲಕ್ಕೆ ಹೋದಾಗ ಬೇರೆ ಬ್ಯಾಂಕಿನ ಬಾಕಿ ಇಲ್ಲ ಎಂಬ ಪತ್ರ ಕೇಳಿದರೆ, ಡಿಸ್ಚಾರ್ಜ್ ಪ್ರತಿಯ ಜೊತೆಗೆ ಆ ಬ್ಯಾಂಕಿನಿಂದಲೂ ಒಂದು ಪತ್ರ ತೆಗೆದುಕೊಂಡೇ ಹೋಗಿ. ಮನೆ ಸಾಲ ಬೇಕೆಂದರೆ ಏಳು ವರ್ಷದ ಗಡಿ ದಾಟಿದ ಮೇಲೆ ನಾಲ್ಕೂ ಬ್ಯೂರೋದ ವರದಿ ತೆಗೆದು ಹಳೆಯ ಖಾತೆಗಳು ಹೋಗಿವೆಯಾ ಎಂದು ನೋಡಿಕೊಂಡು ಆಮೇಲೆ ಅರ್ಜಿ ಹಾಕುವುದು ಲೇಸು. ಪ್ರತಿ ಅರ್ಜಿಗೂ ಒಂದು ವಿಚಾರಣೆಯ ಗುರುತು ವರದಿಯಲ್ಲಿ ಬೀಳುತ್ತೆ, ಮೇಲಿಂದ ಮೇಲೆ ಅರ್ಜಿ ಹಾಕಿದರೆ ಅದೂ ಎದ್ದು ಕಾಣುತ್ತೆ.